ಗದಗ–ಲಕ್ಕುಂಡಿ–ಡಂಬಳ: ಎರಡನೇ ದಿನದ ಸ್ಲೈಡ್ ನೋಡಿ ಹೇಳಿ

ಗೋಕುಲ್‌ರೋಡ್ ಗೆಳತಿ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಿಂದ ಹೊರಟು ಗದಗ ಕಡೆ ಮೂರು ದಿನ ಸುತ್ತಿ ಬರುವ ಪ್ಲಾನ್ ಒಂದನ್ನು ಇನ್‌ಸ್ಟಾಗ್ರಾಂಗೆ ಕ್ಯಾರೌಸೆಲ್ ಮಾಡುತ್ತಿದ್ದೇನೆ. ದಿನಕ್ಕೊಂದು ಸ್ಲೈಡ್. ಅದರಲ್ಲಿ ಆ ದಿನದ ದಾರಿ, ಟೈಮ್, ಖರ್ಚು. ಕಾರ್ ಇಲ್ಲದವರು ಬಸ್ಸಲ್ಲೇ ಹೋಗಿ ಬರುವ ಹಾಗಿರಬೇಕು, ಅದೇ ನನ್ನ ಉದ್ದೇಶ.

ಮೊದಲ ದಿನ ಹುಬ್ಬಳ್ಳಿಯಿಂದ ಅಣ್ಣಿಗೇರಿ, ಅಲ್ಲಿ ಅಮೃತೇಶ್ವರ ಗುಡಿ, ಸಂಜೆಗೆ ಗದಗ. ಮೂರನೇ ದಿನ ಮಾಗಡಿ ಕೆರೆ, ಲಕ್ಷ್ಮೇಶ್ವರ, ಹುಬ್ಬಳ್ಳಿಗೆ ವಾಪಸ್. ಇವೆರಡೂ ಒಂದು ಹಂತಕ್ಕೆ ಬಂದಿವೆ. ನಡುವಿನ ದಿನವೇ ಪ್ಲಾನಿನ ಜೀವಾಳ, ಅದನ್ನು ನೋಡಿ ಹೇಳಿ. ಸ್ಲೈಡ್‌ನ ಚಿತ್ರವನ್ನೂ ಹಾಕಿದ್ದೇನೆ. ಅದರ ಮೇಲೆ ಸದ್ಯ ಇರುವುದು ಇಷ್ಟು:

> ದಿನ 2: ಗದಗ – ಲಕ್ಕುಂಡಿ – ಡಂಬಳ – ಗದಗ
> 9:00 ಗದಗ ಬಿಡುವುದು
> 9:20 ಲಕ್ಕುಂಡಿ
> 11:00 ಲಕ್ಕುಂಡಿ ಬಿಡುವುದು
> 11:30 ಡಂಬಳ, ದೊಡ್ಡಬಸಪ್ಪ ಗುಡಿ
> 1:00 ಗದಗದಲ್ಲಿ ಊಟ
> 2:00 ತ್ರಿಕೂಟೇಶ್ವರ
> 3:30 ವೀರನಾರಾಯಣ
> ಖರ್ಚು: ₹900

ಒಂದೇ ಸ್ಲೈಡ್‌ನಲ್ಲಿ ಇಷ್ಟು ಸಾಕಾ? ಇನ್ನೂ ಏನಾದರೂ ಹಾಕಬೇಕಾ?

---

ವಿದ್ಯಾನಗರ 31

ಮೇಡಂ, ಟೂರ್ ಯಾವ ತಾರೀಖು? ತಲೆಗೆ 900 ಅಂದರೆ ಊಟ, ರೂಮ್ ಎಲ್ಲ ಸೇರಿ ತಾನೆ? ನಾವು ಇಬ್ಬರು ಬರುತ್ತೇವೆ. ಹುಬ್ಬಳ್ಳಿಯಲ್ಲಿ ಎಲ್ಲಿ ಹತ್ತಬೇಕು?

---

ಗೋಕುಲ್‌ರೋಡ್ ಗೆಳತಿ

ಸರ್, ನಾನು ಟೂರ್ ಕರೆದುಕೊಂಡು ಹೋಗುತ್ತಿಲ್ಲ. ತಾವೇ ಹೋಗುವವರಿಗೆ ದಾರಿ ತೋರಿಸುವ ಚಿತ್ರಗಳು ಅಷ್ಟೇ.

---

ಬುಲೆಟ್ ನವಲಗುಂದ

ಪ್ಲಾನ್ ಸರಿಯಾಗಿಯೇ ಇದೆ. ಗದಗದಿಂದ ಲಕ್ಕುಂಡಿ 11–12 ಕಿಲೋಮೀಟರ್. 20 ನಿಮಿಷ ಜಾಸ್ತಿಯೇ ಆಯಿತು. ಲಕ್ಕುಂಡಿಯಿಂದ ಡಂಬಳಕ್ಕೆ ಒಳರಸ್ತೆಯಲ್ಲಿ ಹೊಡೆದರೆ ಅರ್ಧ ಗಂಟೆ. ಮ್ಯಾಪ್ ಕೂಡ ಅದನ್ನೇ ತೋರಿಸುತ್ತದೆ. ಇನ್ನೂ ಟೈಮ್ ಉಳಿಯುತ್ತದೆ, ಮಾಗಡಿ ಕೆರೆಯನ್ನೂ ಅದೇ ದಿನ ಹಾಕಿಬಿಡಿ. ಎರಡೇ ದಿನಕ್ಕೆ ಮುಗಿಯುತ್ತದೆ. ಹೇಗೂ ಕ್ಯಾರೌಸೆಲ್‌ನಲ್ಲಿ ಹತ್ತು ಸ್ಲೈಡ್ ಮಾತ್ರ ಹಾಕೋಕೆ ಆಗೋದು, ಉಳಿಸಿದಷ್ಟೂ ಒಳ್ಳೆಯದು.

---

ಬೆಟಗೇರಿ ಕಾಕಾ

ತಂಗೀ, ನಾನು ಇದೇ ಭಾಗದಲ್ಲಿ ಕಂಡಕ್ಟರ್ ಆಗಿ ದುಡಿದು ರಿಟೈರ್ ಆದವನು. ಬುಲೆಟ್ ತಮ್ಮ ಹೇಳಿದ್ದು ಬೈಕಿಗೆ ಸರಿ. ನಿಮ್ಮ ಸ್ಲೈಡ್ ಬಸ್ಸಿನವರಿಗೆ. ಅಲ್ಲಿ ಈ ಟೈಮ್ ನಿಲ್ಲುವುದಿಲ್ಲ.

ಮೊದಲು ದಾರಿ ನೋಡಿ. ಲಕ್ಕುಂಡಿ ಇರುವುದು ಗದಗದಿಂದ ಕೊಪ್ಪಳ, ಹೊಸಪೇಟೆ ಕಡೆ ಹೋಗುವ ರಸ್ತೆಯಲ್ಲಿ. ಡಂಬಳ ಇರುವುದು ಗದಗದಿಂದ ಮುಂಡರಗಿಗೆ ಹೋಗುವ ರಸ್ತೆಯಲ್ಲಿ. ಎರಡೂ ಗದಗದಿಂದಲೇ ಕವಲೊಡೆಯುತ್ತವೆ. ಮ್ಯಾಪ್ ಒಳರಸ್ತೆ ತೋರಿಸಿದರೂ ಆ ದಾರಿಯಲ್ಲಿ ಬಸ್ ಸಿಗುತ್ತದೆ ಅಂತ ನಂಬಿ ಹೊರಡಬಾರದು. ಲಕ್ಕುಂಡಿ ನೋಡಿದವರು ಗದಗಕ್ಕೆ ವಾಪಸ್ ಬಂದು ಮುಂಡರಗಿ ಬಸ್ ಹಿಡಿಯಬೇಕು. ನಿಮ್ಮ ಸ್ಲೈಡ್‌ನಲ್ಲಿ ಆ ವಾಪಸ್ ಬರುವ ತುಂಡೇ ಇಲ್ಲ.

ಎರಡನೆಯದು ಕಾಯುವ ಹೊತ್ತು. 9:00ಕ್ಕೆ ಗದಗ ಬಿಡುವುದು, 9:20ಕ್ಕೆ ಲಕ್ಕುಂಡಿ ಅಂತ ಬರೆದಿದ್ದೀರಿ. 9:00 ಅಂದರೆ ಏನು? ರೂಮಿಗೆ ಬೀಗ ಹಾಕಿದ್ದಾ, ಸ್ಟ್ಯಾಂಡ್ ಮುಟ್ಟಿದ್ದಾ, ಬಸ್ ಹೊರಟಿದ್ದಾ? ನಾಲ್ಕು ಜನ ಇದ್ದರೆ ರೂಮಿನಿಂದ ಸ್ಟ್ಯಾಂಡ್ ಮುಟ್ಟುವುದಕ್ಕೇ 20 ನಿಮಿಷ ಹೋಗುತ್ತದೆ. ಆಮೇಲೆ ಬೋರ್ಡ್ ನೋಡಬೇಕು, ಲಕ್ಕುಂಡಿಯಲ್ಲಿ ನಿಲ್ಲಿಸುತ್ತೀರಾ ಅಂತ ಕೇಳಬೇಕು. ದೂರದ ಊರಿಗೆ ಹೋಗುವ ಬಸ್ ಎಲ್ಲವೂ ಅಲ್ಲಿ ನಿಲ್ಲುತ್ತವೆ ಅಂದುಕೊಳ್ಳಬೇಡಿ. ನನ್ನ ಕೇಳಿದರೆ, ಬಸ್ ಹತ್ತಬೇಕಾದ ಪ್ರತಿ ಕಡೆಗೂ ಅರ್ಧ ಗಂಟೆ ಎತ್ತಿಡಿ. ಬೇಗ ಸಿಕ್ಕರೆ ಚಹಾ ಕುಡಿಯಲಿ, ನಷ್ಟ ಏನಿಲ್ಲ.

ಈ ದಿನದಲ್ಲಿ ಬಸ್ ಹತ್ತುವುದು ನಾಲ್ಕು ಸಲ: ಲಕ್ಕುಂಡಿಗೆ, ಗದಗಕ್ಕೆ, ಡಂಬಳಕ್ಕೆ, ಮತ್ತೆ ಗದಗಕ್ಕೆ. ಕಾಯುವುದಕ್ಕೇ ಎರಡು ಗಂಟೆ ಆಯಿತು. ಅದು ನಿಮ್ಮ ಸ್ಲೈಡ್‌ನಲ್ಲಿ ಎಲ್ಲೂ ಕಾಣುತ್ತಿಲ್ಲ.

---

ಬುಲೆಟ್ ನವಲಗುಂದ

ಕಾಕಾ, ಅಷ್ಟು ಹೊತ್ತು ಕಾಯುವುದಾದರೆ ಆಟೊ ಮಾಡಿಕೊಳ್ಳಲಿ ಬಿಡಿ. ದಿನವಿಡೀ ಸ್ಟ್ಯಾಂಡ್‌ನಲ್ಲೇ ಕೂರಬೇಕಾ?

---

ಬೆಟಗೇರಿ ಕಾಕಾ

ಮಾಡಿಕೊಳ್ಳಬಹುದು ತಮ್ಮಾ. ಆಗ ಖರ್ಚಿನ ಸಾಲು ಬದಲಾಗುತ್ತದೆ. ದಾರಿ ಆಟೊದ್ದು, ಖರ್ಚು ಬಸ್ಸಿನದು ಅಂತ ಒಂದೇ ಸ್ಲೈಡ್‌ನಲ್ಲಿ ಬರೆಯೋಕೆ ಆಗುವುದಿಲ್ಲ.

---

ಮುಂಡರಗಿ ಮೇಷ್ಟ್ರು

ನಾನು ಡಂಬಳದ ದಾರಿಯಲ್ಲಿ ದಿನಾ ಓಡಾಡುವವನು. ಕಾಕಾ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಡಂಬಳದಲ್ಲಿ ನೀವು ಹತ್ತುವ ಬಸ್ ಅಲ್ಲಿಂದ ಹೊರಡುವುದಲ್ಲ, ಮುಂಡರಗಿಯಿಂದ ಬರುವುದು. ಶಾಲೆ ಕಾಲೇಜು ಬಿಡುವ ಹೊತ್ತಿಗೆ ತುಂಬಿಕೊಂಡೇ ಬರುತ್ತದೆ. ನಿಲ್ಲೋಕೆ ಜಾಗ ಸಿಕ್ಕರೆ ಪುಣ್ಯ. ವಯಸ್ಸಾದವರನ್ನು ಕರೆದುಕೊಂಡು ಬಂದವರು ಇದನ್ನು ತಿಳಿದಿರಬೇಕು.

ಇನ್ನೊಂದು ದೊಡ್ಡ ವಿಷಯ ಗುಡಿಯ ಬಾಗಿಲು. ವೀರನಾರಾಯಣ ಗುಡಿ, ತ್ರಿಕೂಟೇಶ್ವರ ಗುಡಿ ಎರಡೂ ಇವತ್ತಿಗೂ ಪೂಜೆ ನಡೆಯುವ ಗುಡಿಗಳು. ಇಂಥ ಕಡೆ ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕಿ ಸಂಜೆ ತೆಗೆಯುವುದು ವಾಡಿಕೆ. ನೀವು ಎರಡನ್ನೂ 2:00ರಿಂದ 4:00ರೊಳಗೆ ಇಟ್ಟಿದ್ದೀರಿ. ಅಷ್ಟು ದೂರ ಬಂದವರು ಮುಚ್ಚಿದ ಬಾಗಿಲು ನೋಡಿ ಹೋಗಬೇಕಾಗುತ್ತದೆ. ತ್ರಿಕೂಟೇಶ್ವರದ ಆವರಣದಲ್ಲೇ ಇರುವ ಸರಸ್ವತಿ ಗುಡಿಯ ಕಂಬಗಳನ್ನು ಬೆಳಗಿನ ಬೆಳಕಲ್ಲಿ ನೋಡಬೇಕು. ಒಂದೊಂದು ಕಂಬದ ಮುಂದೆಯೂ ನಿಂತುಬಿಡುತ್ತೀರಿ.

ಡಂಬಳದ ದೊಡ್ಡಬಸಪ್ಪ ಗುಡಿ ಮಾತ್ರ ಸಂಜೆಗೆ ಇರಲಿ. ಅದರ ತಳವಿನ್ಯಾಸ ನಕ್ಷತ್ರದ ಹಾಗೆ, ಗೋಡೆ ಕೋನ ಕೋನವಾಗಿ ತಿರುಗುತ್ತಾ ಹೋಗುತ್ತದೆ. ಮಧ್ಯಾಹ್ನ ನೆತ್ತಿ ಮೇಲಿನ ಬಿಸಿಲಿಗೆ ಅದೆಲ್ಲ ಚಪ್ಪಟೆಯಾಗಿ ಕಾಣುತ್ತದೆ. ಬಿಸಿಲು ಓರೆಯಾದಾಗ ಒಂದೊಂದು ಕೋನದ ನೆರಳೂ ಪಕ್ಕದ ಕೋನದ ಮೇಲೆ ಬೀಳುತ್ತದೆ. ಫೋಟೊ ಬೇಕಾದವರಿಗೆ ಅದೇ ಹೊತ್ತು.

---

ಹಾನಗಲ್ಲ ಸೊಸೆ

ನನ್ನದೊಂದು ಪ್ರಶ್ನೆ. ನಮ್ಮ ಮಾವನವರಿಗೆ ಮೊಣಕಾಲು ನೋವು. ಮೆಟ್ಟಿಲು ಹತ್ತೋಕೆ ಆಗಲ್ಲ, ತಾಸಿಗೊಮ್ಮೆ ಕೂರಬೇಕು. ಹೋದ ವರ್ಷ ಯಾರೋ ಮಾಡಿದ ಇಂಥದೇ ಸ್ಲೈಡ್ ನೋಡಿ ಹಾನಗಲ್ಲ, ಬಂಕಾಪುರ, ಗಳಗನಾಥ ಮೂರನ್ನೂ ಒಂದೇ ದಿನ ಅಂತ ಹೊರಟೆವು. ಗಳಗನಾಥ ಮುಟ್ಟುವ ಹೊತ್ತಿಗೆ ಕತ್ತಲು. ವರದಾ ತುಂಗಭದ್ರೆ ಸೇರುವುದನ್ನು ನೋಡಬೇಕು ಅಂತ ಅವರಿಗೆ ಬಹಳ ಆಸೆ ಇತ್ತು, ಏನೂ ಕಾಣಲಿಲ್ಲ. ನೀವು ಹಾವೇರಿ ಕಡೆಗೂ ಒಂದು ಮಾಡಿಕೊಡುತ್ತೀರಾ? ಇದರಲ್ಲಿ ಶೌಚಾಲಯ ಎಲ್ಲಿದೆ ಅಂತ ಕೂಡ ಹಾಕಿ ದಯವಿಟ್ಟು.

---

ಗೋಕುಲ್‌ರೋಡ್ ಗೆಳತಿ

ಅಕ್ಕಾ, ಹಾವೇರಿಯದು ಇದಾದ ಮೇಲೆ ಮಾಡುತ್ತೇನೆ. ಶೌಚಾಲಯದ ಮಾತು ಒಳ್ಳೆಯದು. ಗದಗ ಸ್ಟ್ಯಾಂಡ್‌ನಲ್ಲಿ ಮುಗಿಸಿಕೊಂಡು ಹೊರಡಿ ಅಂತ ಒಂದು ಸಾಲು ಹಾಕುತ್ತೇನೆ.

ಕಾಕಾ, ಮೇಷ್ಟ್ರೇ, ನಿಮ್ಮ ಮಾತು ಇಟ್ಟುಕೊಂಡು ದಿನವನ್ನು ತಿರುಗಿಸಿ ನೋಡಿದೆ. ಬೆಳಿಗ್ಗೆ ಊರೊಳಗಿನ ಎರಡು ಗುಡಿ, ಆಮೇಲೆ ಲಕ್ಕುಂಡಿ, ಸಂಜೆ ಡಂಬಳ. ಲಕ್ಕುಂಡಿಗೆ ಎಷ್ಟು ಹೊತ್ತು ಇಡಲಿ?

---

ಮುಂಡರಗಿ ಮೇಷ್ಟ್ರು

ಎರಡೂವರೆ ಗಂಟೆಗೆ ಕಡಿಮೆ ಇಡಬೇಡಿ. ಅಲ್ಲಿ ಒಂದೇ ಜಾಗ ಇಲ್ಲ. ಕಾಶಿವಿಶ್ವನಾಥ ಗುಡಿ, ಅದರ ಎದುರಿಗೇ ನನ್ನೇಶ್ವರ. ಕಾಶಿವಿಶ್ವನಾಥದಲ್ಲಿ ಶಿವನ ಗುಡಿಗೆ ಎದುರಾಗಿ ಸೂರ್ಯನ ಗುಡಿ ಇದೆ. ಹೆಚ್ಚಿನವರು ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟು ಬರುತ್ತಾರೆ. ಬ್ರಹ್ಮಜಿನಾಲಯ ಊರಿನ ಇನ್ನೊಂದು ಕಡೆ, ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ್ದು. ಅದರ ಪಕ್ಕದಲ್ಲಿ ಶಿಲ್ಪಗಳ ಮ್ಯೂಸಿಯಂ. ಆಮೇಲೆ ಮಾಣಿಕೇಶ್ವರ ಗುಡಿ, ಅದಕ್ಕೆ ಅಂಟಿಕೊಂಡೇ ಮುಸುಕಿನ ಬಾವಿ. ಎಲ್ಲವೂ ಊರ ಓಣಿಗಳಲ್ಲಿ ನಡೆದುಕೊಂಡು ಹೋಗುವಂಥದ್ದು. ಬಾವಿಯ ಮೆಟ್ಟಿಲಲ್ಲಿ ಯಾರೂ ಐದು ನಿಮಿಷಕ್ಕೆ ಏಳುವುದಿಲ್ಲ.

ಪುರಾತತ್ವ ಇಲಾಖೆಯ ಇಂಥ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ಅದಕ್ಕೇ "ದಿನ 2 ಶುಕ್ರವಾರ ಬೀಳದಿರಲಿ" ಅಂತ ಸ್ಲೈಡ್ ಮೇಲೆಯೇ ಬರೆಯಿರಿ. ದಿನ 2 ಅನ್ನುವುದಕ್ಕೆ ವಾರವಿಲ್ಲ, ಓದುವವರು ಯಾವತ್ತು ಬೇಕಾದರೂ ಹೊರಡುತ್ತಾರೆ.

ಸೊಸೆಯವರಿಗೆ ಒಂದು ಮಾತು: ಮಾವನವರಿಗೆ ಮುಸುಕಿನ ಬಾವಿಯ ಮೆಟ್ಟಿಲು ಬೇಡ, ಮೇಲೆ ನಿಂತೇ ಚೆನ್ನಾಗಿ ಕಾಣುತ್ತದೆ.

---

ಸಪ್ತಾಪುರ ಡಿಸೈನ್

ಧಾರವಾಡದಿಂದ. ನಾನು ಕ್ಯಾರೌಸೆಲ್ ಕೆಲಸವನ್ನೇ ಮಾಡುವವನು, ಹಾಗಾಗಿ ಚಿತ್ರದ ಕಡೆಯಿಂದ ಹೇಳುತ್ತೇನೆ.

ಬುಲೆಟ್ ಅವರೇ, ಹತ್ತು ಸ್ಲೈಡ್ ಅನ್ನುವುದು ಹಳೆಯ ಮಿತಿ. 2024ರಿಂದ ಇನ್‌ಸ್ಟಾಗ್ರಾಂ 20 ಹಾಕೋಕೆ ಬಿಡುತ್ತದೆ. ಆದರೆ ಇಲ್ಲಿ ಅಷ್ಟು ಬೇಕಿಲ್ಲ. ಮುಖಪುಟ, ಮೂರು ದಿನ, ಒಟ್ಟು ಖರ್ಚು, ಐದು ಸಾಕು. ದಿನ ಕಡಿಮೆ ಮಾಡಿ ಸ್ಲೈಡ್ ಉಳಿಸುವ ಅಗತ್ಯ ಇಲ್ಲ.

ನಿಜವಾದ ಮಿತಿ ಬೇರೆ. ಒಮ್ಮೆ ಪೋಸ್ಟ್ ಆದ ಮೇಲೆ ಒಂದು ಸ್ಲೈಡ್ ತೆಗೆದು ಹಾಕಬಹುದು, ಆದರೆ ಅದರ ಚಿತ್ರವನ್ನು ತಿದ್ದೋಕೆ ಆಗಲ್ಲ. ಕ್ಯಾಪ್ಶನ್ ಮಾತ್ರ ಯಾವಾಗ ಬೇಕಾದರೂ ಬದಲಾಯಿಸಬಹುದು. ಅಂದರೆ ನೀವು ಸ್ಲೈಡ್ ಮೇಲೆ "9:10ರ ಬಸ್" ಅಂತ ಬರೆದು ಆ ಬಸ್ಸಿನ ಟೈಮ್ ಬದಲಾದರೆ ಆ ಸ್ಲೈಡ್ ಹಾಗೇ ಸುಳ್ಳು ಹೇಳುತ್ತಾ ಉಳಿಯುತ್ತದೆ. ಅದಕ್ಕೇ ಬದಲಾಗುವುದೆಲ್ಲ ಕ್ಯಾಪ್ಶನ್‌ಗೆ, ಬದಲಾಗದ್ದು ಸ್ಲೈಡ್‌ಗೆ. ಬಸ್ ಎಷ್ಟಕ್ಕೆ ಅಂತ ಸ್ಲೈಡ್ ಮೇಲೆ ಬೇಡ. "ಡಂಬಳದಿಂದ 5:00ರೊಳಗೆ ಬಸ್ ನಿಲ್ಲುವ ಜಾಗಕ್ಕೆ ಬನ್ನಿ" ಅನ್ನುವ ಸಾಲು ಇರಲಿ. ಬಸ್ಸಿನ ವೇಳೆ ಹತ್ತು ನಿಮಿಷ ಆಚೀಚೆ ಆದರೂ ಆ ಸಾಲು ಕೆಡುವುದಿಲ್ಲ.

---

ಬೆಟಗೇರಿ ಕಾಕಾ

ಇದು ನನಗೆ ಒಪ್ಪಿಗೆ ಇಲ್ಲ. ಹಳ್ಳಿ ಕಡೆ ಬಸ್ ಟೈಮ್ ಗೊತ್ತಿಲ್ಲದೆ ಹೊರಡುವುದು ಹೇಗೆ? ಜನ ಕ್ಯಾಪ್ಶನ್ ಓದುವುದಿಲ್ಲ. ನಮ್ಮ ಮನೆಯಲ್ಲಿ ಮಕ್ಕಳು ಸ್ಲೈಡ್‌ನ ಸ್ಕ್ರೀನ್‌ಶಾಟ್ ಹೊಡೆದು ವಾಟ್ಸಾಪ್‌ಗೆ ಹಾಕುತ್ತಾರೆ. ಕ್ಯಾಪ್ಶನ್ ಅಲ್ಲೇ ಉಳಿಯಿತು. ಟೈಮ್ ಸ್ಲೈಡ್ ಮೇಲೆಯೇ ಇರಲಿ, ಪಕ್ಕದಲ್ಲಿ "ಸ್ಟ್ಯಾಂಡ್‌ನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ" ಅಂತ ಬರೆದರಾಯಿತು.

---

ಸಪ್ತಾಪುರ ಡಿಸೈನ್

ಸ್ಕ್ರೀನ್‌ಶಾಟ್ ಮಾತು ನಿಜ ಕಾಕಾ. ಅದಕ್ಕೇ ಪ್ರತಿ ಸ್ಲೈಡೂ ಒಂಟಿಯಾಗಿ ನಿಲ್ಲಬೇಕು. "ದಿನ 2" ಅಂತ ಮಾತ್ರ ಇದ್ದರೆ ವಾಟ್ಸಾಪ್‌ನಲ್ಲಿ ಸಿಕ್ಕವರಿಗೆ ಯಾವ ಊರಿನ ದಿನ 2 ಅಂತಲೇ ತಿಳಿಯಲ್ಲ. ಎಲ್ಲಿ ಉಳಿದುಕೊಂಡು ಹೊರಡುವುದು, ಯಾವ ತಿಂಗಳ ರೇಟು, ಇವೆರಡೂ ಪ್ರತಿ ದಿನದ ಸ್ಲೈಡ್ ಮೇಲೂ ಬೇಕು. ಆದರೆ ಬಸ್ ಟೈಮ್ ವಿಷಯದಲ್ಲಿ ನಾನು ನನ್ನ ಮಾತಿಗೇ ನಿಲ್ಲುತ್ತೇನೆ. ಸ್ಲೈಡ್ ಮೇಲೆ ಅಚ್ಚಾದ ಟೈಮನ್ನು ಜನ ನಂಬುತ್ತಾರೆ, ಪಕ್ಕದ ಸಣ್ಣ ಸಾಲು ಯಾರ ಕಣ್ಣಿಗೂ ಬೀಳಲ್ಲ.

---

ಧಾರವಾಡದ ರೂಪಾಯಿ ಲೆಕ್ಕ

ನನಗೆ ₹900 ಎಲ್ಲಿಂದ ಬಂತು ಅನ್ನುವುದೇ ತಿಳಿಯಲಿಲ್ಲ. ಬಿಡಿಸಿ ಹೇಳುತ್ತೀರಾ?

---

ಗೋಕುಲ್‌ರೋಡ್ ಗೆಳತಿ

ನಾಲ್ಕು ಜನ ಗೆಳತಿಯರ ಲೆಕ್ಕ ಇದು. ಗದಗದಲ್ಲಿ ಎರಡು ರೂಮ್, ಒಂದಕ್ಕೆ ₹1,000. ತಲೆಗೆ ₹500 ಆಯಿತು. ನಾಷ್ಟಾ 60, ಖಾನಾವಳಿಯಲ್ಲಿ ರೊಟ್ಟಿ ಊಟ 120, ಸಂಜೆ ಚಹಾ ಮತ್ತು ಮಿರ್ಚಿ ಬಜಿ 60, ರಾತ್ರಿ ಊಟ 110, ಅಲ್ಲಿಗೆ ₹350. ಊರೊಳಗಿನ ಗುಡಿಗಳಿಗೆ ಆಟೊ ₹200, ತಲೆಗೆ ₹50. ಬಸ್ ₹0, ಶಕ್ತಿ ಯೋಜನೆಯ ಟಿಕೆಟ್. ಒಟ್ಟು ₹900.

---

ಧಾರವಾಡದ ರೂಪಾಯಿ ಲೆಕ್ಕ

ಈಗ ಗೊತ್ತಾಯಿತು. ಇದೇ ಸ್ಲೈಡ್ ನೋಡಿ ನಾನು ಒಬ್ಬನೇ ಹೊರಟೆ ಅಂದುಕೊಳ್ಳಿ. ರೂಮ್ ನನ್ನೊಬ್ಬನಿಗೇ ₹1,000. ಊಟ ₹350. ಆಟೊ ಪೂರ್ತಿ ₹200. ನಾಲ್ಕು ಬಸ್ ಟಿಕೆಟ್‌ಗೆ ಲೆಕ್ಕಕ್ಕೆ ಅಂತ ₹120 ಇಡೋಣ. ₹1,670 ಆಯಿತು. ಸ್ಲೈಡ್‌ನಲ್ಲಿ 900, ನನ್ನ ಜೇಬಿನಿಂದ 1,670. ನೀವು ಬರೆದಿದ್ದು ಸುಳ್ಳಲ್ಲ, ಆದರೆ ನನಗೆ ಸುಮಾರು ಎರಡರಷ್ಟು ಬಿತ್ತು.

ಗಂಡ ಹೆಂಡತಿ ಇಬ್ಬರೇ ಹೋದರೆ ರೂಮ್ 1,000, ಊಟ 700, ಆಟೊ 200, ಗಂಡನ ಬಸ್ 120, ಸೇರಿ ₹2,020. ತಲೆಗೆ ₹1,010.

ಮೂರು ಲೆಕ್ಕದಲ್ಲೂ ಊಟದ 350 ಮಾತ್ರ ಅಲ್ಲಾಡಲಿಲ್ಲ. ರೂಮ್, ಆಟೊ ಎಷ್ಟು ಜನ ಅನ್ನುವುದರ ಮೇಲೆ ನಿಂತಿವೆ. ಬಸ್ ಯಾರು ಹೋಗುತ್ತಾರೆ ಅನ್ನುವುದರ ಮೇಲೆ. ಅದಕ್ಕೇ ಒಂದೇ ಮೊತ್ತ ಬೇಡ, ಎರಡು ಸಾಲು ಇರಲಿ. ಒಂದು "ತಲೆಗೆ", ಅದರಲ್ಲಿ ಊಟ ಮತ್ತು ಬಸ್. ಇನ್ನೊಂದು "ಹಂಚಿಕೊಳ್ಳುವುದು", ಅದರಲ್ಲಿ ಒಂದು ರೂಮಿಗೆ ಎಷ್ಟು, ಆಟೊಗೆ ಎಷ್ಟು. ಓದುವವರು ತಾವೆಷ್ಟು ಜನವೋ ಅಷ್ಟಕ್ಕೆ ಭಾಗಿಸಿಕೊಳ್ಳುತ್ತಾರೆ.

---

ಬೆಟಗೇರಿ ಕಾಕಾ

ಶಕ್ತಿ ಯೋಜನೆ ಬಗ್ಗೆ ಒಂದು ಮಾತು. 2023ರ ಜೂನ್‌ನಿಂದ ನಡೆಯುತ್ತಿದೆ, ಆದರೂ ಜನ ಕೇಳುತ್ತಲೇ ಇರುತ್ತಾರೆ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕು. ಸಾಮಾನ್ಯ ಬಸ್, ವೇಗದೂತ ಬಸ್‌ಗೆ ನಡೆಯುತ್ತದೆ. ರಾಜಹಂಸದಂಥ ಐಷಾರಾಮಿ ಬಸ್‌ಗೆ ನಡೆಯಲ್ಲ. ಬೆಳಗಾವಿ ಕಡೆಯಿಂದ ಮಹಾರಾಷ್ಟ್ರದ ನೆಂಟರನ್ನು ಕರೆದುಕೊಂಡು ಬಂದರೆ ಅವರಿಗೆ ಟಿಕೆಟ್ ಬೀಳುತ್ತದೆ. "ಬಸ್ ₹0" ಅಂತ ಸ್ಲೈಡ್ ಮೇಲೆ ಬರೆದರೆ ಗಂಡಸರು ಕಂಡಕ್ಟರ್ ಜೊತೆ ವಾದಕ್ಕೆ ನಿಲ್ಲುತ್ತಾರೆ. ಟಿಕೆಟ್ ಎಷ್ಟು ಅಂತಲೇ ಬರೆಯಿರಿ, ಮಹಿಳೆಯರಿಗೆ ಉಚಿತ ಅಂತ ಪಕ್ಕದಲ್ಲಿ ಹಾಕಿ.

---

ವಿದ್ಯಾನಗರ 31

ಹಾಗಾದರೆ ನಾವಿಬ್ಬರು ಹೋದರೆ ₹1,010 ಹಿಡಿಯಬೇಕು ಅನ್ನಿ. ಇದು ಒಂದು ದಿನದ್ದಾ ಮೂರು ದಿನದ್ದಾ?

---

ಧಾರವಾಡದ ರೂಪಾಯಿ ಲೆಕ್ಕ

ಎರಡನೇ ದಿನದ್ದು ಮಾತ್ರ ಸರ್. ನೀವಿಬ್ಬರೂ ಗಂಡಸರಾದರೆ ಇನ್ನೊಂದು ಟಿಕೆಟ್ ಸೇರಿಸಿ, ತಲೆಗೆ ₹1,070.

ಗೆಳತಿಯವರೇ, ಈ ಪ್ರಶ್ನೆ ಎಲ್ಲರಿಗೂ ಬರುತ್ತದೆ ನೋಡಿ. ಖರ್ಚಿನ ಸಾಲಿನಲ್ಲಿ "ಈ ದಿನಕ್ಕೆ, ರಾತ್ರಿ ರೂಮ್ ಸೇರಿ" ಅಂತ ಹಾಕಿ. ರೂಮ್ ಯಾವ ದಿನದ ಲೆಕ್ಕಕ್ಕೆ ಅನ್ನುವುದೂ ಮುಖ್ಯ. ಮೂರನೇ ದಿನ ಹುಬ್ಬಳ್ಳಿಗೆ ವಾಪಸ್, ಅಲ್ಲಿ ರೂಮ್ ಇಲ್ಲ. ಮೂರು ದಿನ ಅಂದಾಕ್ಷಣ ಮೂರು ರೂಮ್ ಬಾಡಿಗೆ ಕೂಡಿಸುವವರು ಇದ್ದಾರೆ. ರಾತ್ರಿ ಎರಡೇ.

---

ಸಪ್ತಾಪುರ ಡಿಸೈನ್

ಅಕ್ಷರದ ಬಗ್ಗೆ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಕನ್ನಡದ ಸ್ಲೈಡ್‌ಗಳು ಇಲ್ಲೇ ಹಾಳಾಗುವುದು. ನೀವು ಹಾಕಿರುವ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. "ಲಕ್ಕುಂಡಿ" ಸಾಲಿನ ಕೆಳಗೆ "ದೊಡ್ಡಬಸಪ್ಪ ಗುಡಿ" ಇದೆ. ಮೇಲಿನ ಕ ಒತ್ತು ಬಂದು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂತಿದೆ. ಇಂಗ್ಲಿಷ್‌ಗೆ ಮಾಡಿಟ್ಟ ಟೆಂಪ್ಲೇಟ್‌ಗಳಲ್ಲಿ ಸಾಲುಗಳು ಒತ್ತೊತ್ತಾಗಿರುತ್ತವೆ. ಕನ್ನಡಕ್ಕೆ ಕೆಳಗೆ ಒತ್ತು, ಮೇಲೆ ಗುಡಿಸು ಎರಡಕ್ಕೂ ಜಾಗ ಬೇಕು. ಸಾಲಿನ ಅಂತರ 1.4ಕ್ಕೆ ಏರಿಸಿ. ಅಕ್ಷರಗಳ ನಡುವಿನ ಅಂತರವನ್ನು ಸೊನ್ನೆಯಲ್ಲೇ ಬಿಡಿ, ಎಳೆದರೆ ಕೆಲವು ಕಡೆ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ನೋಟೊ ಸಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡದಂಥ ಯೂನಿಕೋಡ್ ಫಾಂಟ್ ಸಾಕು.

ಸೈಜ್ 1080×1350 ಇರಲಿ, ಎಲ್ಲ ಸ್ಲೈಡ್‌ಗೂ ಅದೇ. ಮೊದಲ ಸ್ಲೈಡ್ ಯಾವ ಅಳತೆಯಲ್ಲಿದೆಯೋ ಉಳಿದವನ್ನೂ ಅದಕ್ಕೇ ಕತ್ತರಿಸುತ್ತದೆ. ಬಲಗಡೆ ಮೇಲಿನ ಮೂಲೆಯಲ್ಲಿ "3/5" ಅಂತ ಎಣಿಕೆ ಬಂದು ಕೂರುತ್ತದೆ. ನೀವು ಅಲ್ಲಿಯೇ ಖರ್ಚಿನ ಮೊತ್ತ ಇಟ್ಟಿದ್ದೀರಿ, ಅದನ್ನು ಕೆಳಗೆ ತನ್ನಿ. ಕಳಿಸುವ ಮೊದಲು ನಿಮಗೇ ನೀವು ವಾಟ್ಸಾಪ್ ಮಾಡಿ, ಫೋನನ್ನು ಕೈಚಾಚಿ ಹಿಡಿದು ಓದಿ. ಬಸ್ ಸ್ಟ್ಯಾಂಡ್‌ನ ಬಿಸಿಲಲ್ಲಿ ಓದುವುದು ಹಾಗೆಯೇ. ಓದೋಕೆ ಆಗದಿದ್ದರೆ ಅಕ್ಷರ ಸಣ್ಣದಾಗಿದೆ ಅಂತಲ್ಲ, ಸಾಲು ಜಾಸ್ತಿಯಾಗಿದೆ ಅಂತ.

---

ಗೋಕುಲ್‌ರೋಡ್ ಗೆಳತಿ

ಎಲ್ಲ ಸೇರಿಸಿ ಹೊಸದಾಗಿ ಬರೆದಿದ್ದೇನೆ. ನೋಡಿ:

> ದಿನ 2: ಗದಗದಲ್ಲಿ ಉಳಿದು ಲಕ್ಕುಂಡಿ, ಡಂಬಳ (ಬಸ್ಸಿನಲ್ಲಿ)
> ಶುಕ್ರವಾರ ಬೇಡ, ಮ್ಯೂಸಿಯಂಗೆ ರಜೆ
> 7:00–8:30 ವೀರನಾರಾಯಣ, ತ್ರಿಕೂಟೇಶ್ವರ
> 8:30 ನಾಷ್ಟಾ, 9:15 ಬಸ್ ಸ್ಟ್ಯಾಂಡ್
> 10:15–12:45 ಲಕ್ಕುಂಡಿ
> 1:45 ಗದಗ, ಊಟ
> 2:30 ಬಸ್ ಸ್ಟ್ಯಾಂಡ್, ಮುಂಡರಗಿ ಬಸ್
> 3:45–4:45 ಡಂಬಳ
> 5:00ರೊಳಗೆ ಬಸ್ ನಿಲ್ಲುವ ಜಾಗಕ್ಕೆ
> 6:30 ಗದಗ
> ತಲೆಗೆ: ಊಟ ₹350, ಬಸ್ ಸುಮಾರು ₹120 (ರಾಜ್ಯದ ಮಹಿಳೆಯರಿಗೆ ಉಚಿತ)
> ಹಂಚಿಕೊಳ್ಳುವುದು: ರೂಮ್ ಒಂದಕ್ಕೆ ₹1,000, ಆಟೊ ₹200

ರೇಟು ಯಾವ ತಿಂಗಳದು ಅಂತ ಕೆಳಗೆ ಸಣ್ಣದಾಗಿ ಬರುತ್ತದೆ. ಬಸ್ ಟಿಕೆಟ್ ಮೊತ್ತವನ್ನು ನಾನೇ ಹೋಗಿ ಕೇಳಿ ಸರಿ ಮಾಡುತ್ತೇನೆ.

---

ಮುಂಡರಗಿ ಮೇಷ್ಟ್ರು

ಈಗ ನಂಬಿ ಹೊರಡಬಹುದು. ಆದರೂ ಒಂದು ಕೊರತೆ. ಲಕ್ಕುಂಡಿಯಲ್ಲಿ ತಡವಾದರೆ ಏನು ಬಿಡಬೇಕು ಅಂತ ಹೇಳಿಲ್ಲ. 12:45ಕ್ಕೆ ಹೊರಡಬೇಕಾದವರು 1:45ಕ್ಕೆ ಹೊರಟರೆ ಡಂಬಳ ಮುಟ್ಟುವುದೇ 4:45. ಆಗ ಏನು ಮಾಡಬೇಕು ಅಂತ ಅವರಿಗೆ ತಿಳಿಯದೆ ಓಡಿ ಓಡಿ ಎರಡನ್ನೂ ಕೆಡಿಸಿಕೊಳ್ಳುತ್ತಾರೆ. "1:15ರೊಳಗೆ ಲಕ್ಕುಂಡಿ ಬಿಡದಿದ್ದರೆ ಡಂಬಳ ಬಿಡಿ" ಅಂತ ಒಂದು ಸಾಲು ಹಾಕಿ. ಡಂಬಳ ಬಿಟ್ಟವರು ಲಕ್ಕುಂಡಿಯಲ್ಲೇ ಇನ್ನೊಂದು ತಾಸು ಕಳೆಯಲಿ.

---

ಹಾನಗಲ್ಲ ಸೊಸೆ

ಮೇಷ್ಟ್ರು ಹೇಳಿದ ಸಾಲು ಹೋದ ವರ್ಷ ನಮಗೆ ಸಿಕ್ಕಿದ್ದರೆ ಬಂಕಾಪುರ ಬಿಟ್ಟು ಸೀದಾ ಗಳಗನಾಥಕ್ಕೆ ಹೋಗಿರುತ್ತಿದ್ದೆವು. ನಮಗೆ ಡಂಬಳ ಬೇಡ, ಮಾವನವರಿಗೆ ಗದಗ, ಲಕ್ಕುಂಡಿ ಸಾಕು. ಮಧ್ಯಾಹ್ನ ರೂಮಿನಲ್ಲಿ ಮಲಗುತ್ತಾರೆ.

---

ಬುಲೆಟ್ ನವಲಗುಂದ

ಒಪ್ಪಿದೆ, ಬಸ್ಸಿಗೆ ಇದೇ ಸರಿ. ಬೈಕಿನವರಿಗೆ ಬೇರೆ ಮಾಡಿ ಹಾಗಾದರೆ. ಮಾಗಡಿ ಕೆರೆ ಮೂರನೇ ದಿನ ಎಷ್ಟು ಗಂಟೆಗೆ ಇಟ್ಟಿದ್ದೀರಿ? ಮೇ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗೋಣ ಅಂತಿದ್ದೇನೆ.

---

ಮುಂಡರಗಿ ಮೇಷ್ಟ್ರು

ಮೇ ತಿಂಗಳಲ್ಲಿ ಹೋದರೆ ಹಕ್ಕಿ ಇರುವುದಿಲ್ಲ. ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯದ ಆಚೆಯಿಂದ ಚಳಿಗಾಲಕ್ಕೆ ಬರುತ್ತವೆ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ, ಬಿಸಿಲು ಏರಿದ ಹಾಗೆ ಹೊರಟುಬಿಡುತ್ತವೆ. ರಾತ್ರಿ ಹೊಲಗಳಲ್ಲಿ ಮೇಯ್ದು ಹಗಲು ಕೆರೆಗೆ ಬಂದು ಕೂರುತ್ತವೆ. ಬೆಳಿಗ್ಗೆ ಬೇಗ ಹೋದರೆ ಗುಂಪು ಗುಂಪಾಗಿ ಇಳಿಯುವುದು ಕಾಣುತ್ತದೆ. ಗೆಳತಿಯವರೇ, ದಿನ 3ರ ಸ್ಲೈಡ್‌ಗೆ ತಿಂಗಳು ಕಡ್ಡಾಯ. ಬೇಸಿಗೆಯವರಿಗೆ ಮಾಗಡಿ ಬಿಟ್ಟು ಸೀದಾ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ ಅಂತ ಬರೆಯಿರಿ.

---

ಗೋಕುಲ್‌ರೋಡ್ ಗೆಳತಿ

ಬರೆಯುತ್ತೇನೆ ಮೇಷ್ಟ್ರೇ. 1:15ರ ಸಾಲು ಕೂಡ ಹಾಕಿದೆ. ಅದಕ್ಕೆ ಜಾಗ ಮಾಡೋಕೆ 8:30ರ ನಾಷ್ಟಾ ಮತ್ತು 9:15ನ್ನು ಒಂದೇ ಸಾಲಿಗೆ ಸೇರಿಸಿದ್ದು ಹಾಗೇ ಇರಲಿ, 6:30 ಗದಗ ತೆಗೆದುಬಿಟ್ಟೆ.

---

ಬೆಟಗೇರಿ ಕಾಕಾ

6:30 ತೆಗೆಯಬೇಡಿ ತಂಗೀ. ಆವತ್ತೇ ರಾತ್ರಿ ಹುಬ್ಬಳ್ಳಿಗೆ ವಾಪಸ್ ಹೋಗಬೇಕು ಅನ್ನುವವರು ನೋಡುವುದೇ ಆ ಸಾಲನ್ನು. ಬೇಕಾದರೆ ಆಟೊ ಖರ್ಚನ್ನು ರೂಮಿನ ಪಕ್ಕಕ್ಕೆ ಇನ್ನೂ ಸಣ್ಣದಾಗಿ ಹಾಕಿ.

---

ಸಪ್ತಾಪುರ ಡಿಸೈನ್

ಸಣ್ಣ ಅಕ್ಷರ ಬೇಡ ಕಾಕಾ. ಅದಕ್ಕಿಂತ "5:00ರೊಳಗೆ ಬಸ್ ನಿಲ್ಲುವ ಜಾಗಕ್ಕೆ, 6:30ಕ್ಕೆ ಗದಗ" ಅಂತ ಒಂದೇ ಸಾಲು ಮಾಡಲಿ. ಬಸ್ ಟೈಮ್ ಕ್ಯಾಪ್ಶನ್‌ಗೆ ಹಾಕುತ್ತೀರಾ, ಸ್ಲೈಡ್‌ಗಾ? ಅದನ್ನು ಇನ್ನೂ ಹೇಳಿಲ್ಲ.

---

ಗೋಕುಲ್‌ರೋಡ್ ಗೆಳತಿ

ಸದ್ಯಕ್ಕೆ ಕ್ಯಾಪ್ಶನ್‌ಗೆ. ಕಾಕಾ ಹೇಳಿದ ಹಾಗೆ ಜನ ಓದದೇ ಹೋಗಬಹುದು, ಅದಕ್ಕೇ ಪೋಸ್ಟ್ ಮಾಡುವಾಗಲೇ ಅದೇ ಪಟ್ಟಿಯನ್ನು ಕೊನೆಗೆ ಬೇರೆಯದೇ ಸ್ಲೈಡ್ ಮಾಡಿ ಸೇರಿಸುವ ಯೋಚನೆ ಇದೆ. ಟೈಮ್ ಹಳತಾದ ದಿನ ಆ ಒಂದು ಸ್ಲೈಡನ್ನು ಅಳಿಸಬಹುದು, ದಿನಗಳ ಸ್ಲೈಡ್ ಮುಟ್ಟಬೇಕಿಲ್ಲ. ಕಾಕಾ, ಮುಂಡರಗಿ ಬಸ್ ಗದಗ ಸ್ಟ್ಯಾಂಡ್‌ನಲ್ಲಿ ಯಾವ ಅಂಕಣಕ್ಕೆ ಬರುತ್ತದೆ?

---

ಬೆಟಗೇರಿ ಕಾಕಾ

ನಾನಿದ್ದಾಗಿನದು ಹೇಳಿದರೆ ಈಗ ಬದಲಾಗಿರಬಹುದು. ನಾಳೆ ಸಂತೆಗೆ ಹೋಗುವಾಗ ಸ್ಟ್ಯಾಂಡ್‌ಗೆ ಹೋಗಿ ನೋಡಿಕೊಂಡು ಬಂದು ಹೇಳುತ್ತೇನೆ. ಬೋರ್ಡ್‌ನ ಫೋಟೊನೂ ಹಾಕುತ್ತೇನೆ.